ತಾಯಿಯ ಬಂಗಾರ ಮಾರುವಾಗ ಯಾವ ದಿನದ ದರ ಲೆಕ್ಕಕ್ಕೆ ಬರುತ್ತದೆ?

ಪ್ರಶ್ನೆ: ನಮ್ಮ ತಾಯಿಯವರು 2023ರ ಏಪ್ರಿಲ್‌ನಲ್ಲಿ ತೀರಿಕೊಂಡರು. ತಂದೆಯವರು ಮೊದಲೇ ಇರಲಿಲ್ಲ, ತಾಯಿ ಮೃತ್ಯುಪತ್ರವನ್ನೂ ಬರೆದಿರಲಿಲ್ಲ. 1974ರಲ್ಲಿ ಅವರ ಮದುವೆಗೆ ಬಂದ ಬೋರಮಾಳ, ಪಾಟಲಿ, ಬಿಲ್ವಾರ, ಟೀಕಿ ಹಾಗೂ 2011ರಲ್ಲಿ ಹುಬ್ಬಳ್ಳಿಯಲ್ಲಿ ಕೊಂಡ ಒಂದು ಜೋಡಿ ಬಳೆಯನ್ನು ನಾನೂ ಅಮೆರಿಕದಲ್ಲಿರುವ ತಮ್ಮನೂ ಸಮನಾಗಿ ಹಂಚಿಕೊಂಡಿದ್ದೇವೆ. ಬಳೆಗಳಿಗೆ ಬಿಲ್ ಇದೆ, ಉಳಿದವಕ್ಕೆ ಯಾವ ಕಾಗದವೂ ಇಲ್ಲ. ನನ್ನ ಪಾಲನ್ನು ಈಗ ಮಾರಬೇಕಾಗಿದೆ. ತಾಯಿ ತೀರಿಕೊಂಡ ದಿನದ ದರವೇ ನಮ್ಮ ಖರೀದಿ ಬೆಲೆ ಎಂದು ತಮ್ಮ ಹೇಳುತ್ತಾನೆ. "ಹಿರಿಯರ ಬಂಗಾರಕ್ಕ ಟ್ಯಾಕ್ಸ್ ಇಲ್ರಿ" ಎನ್ನುತ್ತಾರೆ ಸರಾಫರು. ನನಗೆ ಪಿಂಚಣಿ ಮತ್ತು ಬಡ್ಡಿಯಿಂದ ವರ್ಷಕ್ಕೆ ಸುಮಾರು 2.4 ಲಕ್ಷ ರೂಪಾಯಿ ಬರುತ್ತದೆ, ಬೇರೆ ಆದಾಯವಿಲ್ಲ. ಯಾರ ಮಾತು ನಂಬಲಿ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ತಮ್ಮನವರ ಮಾತು ಅವರ ಮಟ್ಟಿಗೆ ಸರಿ, ನಿಮ್ಮ ಮಟ್ಟಿಗೆ ತಪ್ಪು. ಅವರು ಹೇಳುತ್ತಿರುವುದು ಅಮೆರಿಕದ ಕಾನೂನು. ಅಲ್ಲಿ ವಾರಸುದಾರನ ಕೈಗೆ ಬಂದ ಆಸ್ತಿಯ ಖರೀದಿ ಬೆಲೆಯನ್ನು, ಸತ್ತವರು ಅದನ್ನು ಎಷ್ಟಕ್ಕೆ ಕೊಂಡಿದ್ದರೂ, ಅವರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಗೆ ಹೊಸದಾಗಿ ನಿಗದಿ ಮಾಡಲಾಗುತ್ತದೆ. ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ಇಂಥ ಹೊಸ ಆರಂಭ ಇಲ್ಲ. ಇಲ್ಲಿ ನೀವು ತಾಯಿಯ ಸ್ಥಾನದಲ್ಲಿ ನಿಲ್ಲುತ್ತೀರಿ. ಅವರ ಖರೀದಿ ಬೆಲೆಯೇ ನಿಮ್ಮ ಖರೀದಿ ಬೆಲೆ, ಅವರು ಇಟ್ಟುಕೊಂಡಿದ್ದ ಅವಧಿಯೂ ನಿಮ್ಮ ಅವಧಿಗೆ ಸೇರುತ್ತದೆ. 1961ರ ಕಾಯ್ದೆಯ 49(1)ನೆಯ ಕಲಂ ಹೇಳುವುದು ಇದನ್ನೇ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ತತ್ವ ಹಾಗೆಯೇ ಉಳಿದಿದೆ.

ಸರಾಫರ ಮಾತಿನಲ್ಲಿಯೂ ಒಂದು ಭಾಗ ನಿಜ. ವಾರಸಾಗಿ ಬಂಗಾರ ಪಡೆದದ್ದಕ್ಕೆ ನೀವು ತೆರಿಗೆ ಕೊಡಬೇಕಾಗಿಲ್ಲ, ಮತ್ತು ನಮ್ಮ ದೇಶದಲ್ಲಿ ಮರಣ ಸುಂಕವು 1985ರಲ್ಲಿಯೇ ರದ್ದಾಗಿದೆ. ಆದರೆ ಪಡೆಯುವುದು ಬೇರೆ, ಮಾರುವುದು ಬೇರೆ. ಮಾರಿದ ದಿನ ಬಂಡವಾಳ ಲಾಭ ಹುಟ್ಟುತ್ತದೆ, ಆ ಲಾಭಕ್ಕೆ ತೆರಿಗೆ ಇದೆ. ಮದುವೆಯಾದ ಹೆಣ್ಣುಮಗಳಿಗೆ 500 ಗ್ರಾಂ ತನಕ ತೆರಿಗೆಯೇ ಇಲ್ಲ ಎಂದು ಪೇಟೆಯಲ್ಲಿ ಹೇಳುವ ಮಾತು ಇದಕ್ಕೆ ಸಂಬಂಧಿಸಿದ್ದಲ್ಲ. ತೆರಿಗೆ ಶೋಧನೆ ನಡೆದಾಗ ಅಷ್ಟು ಆಭರಣವನ್ನು ಜಪ್ತಿ ಮಾಡಬಾರದು ಎಂದು 1994ರಲ್ಲಿ ಕೇಂದ್ರೀಯ ನೇರ ತೆರಿಗೆ ಮಂಡಳಿ ತನ್ನ ಅಧಿಕಾರಿಗಳಿಗೆ ಕೊಟ್ಟ ಸೂಚನೆ ಅದು. ಮಾರಾಟದ ಲಾಭಕ್ಕೂ ಅದಕ್ಕೂ ಯಾವ ನಂಟೂ ಇಲ್ಲ.

ಹಾಗಾದರೆ ನಿಮ್ಮ ತಾಯಿಯ ಖರೀದಿ ಬೆಲೆ ಯಾವುದು? ಮದುವೆಯ ಆಭರಣಗಳನ್ನು ಅವರು ಕೊಂಡಿರಲಿಲ್ಲ, ತವರಿನವರು ಮತ್ತು ಅತ್ತೆಯ ಮನೆಯವರು ಕೊಟ್ಟಿದ್ದರು. ಕಾನೂನು ಇಂಥಲ್ಲಿ ಇನ್ನೂ ಹಿಂದಕ್ಕೆ ಹೋಗಿ, ಹಣ ಕೊಟ್ಟು ಕೊಂಡ ಕೊನೆಯ ವ್ಯಕ್ತಿಯ ಬೆಲೆಯನ್ನು ಹಿಡಿಯಲು ಹೇಳುತ್ತದೆ. 1974ರಲ್ಲಿ ಹತ್ತು ಗ್ರಾಂ ಬಂಗಾರ ಸುಮಾರು 500 ರೂಪಾಯಿಗೆ ಸಿಗುತ್ತಿತ್ತು. ಅದನ್ನೇ ಹಿಡಿದರೆ ಇಂದಿನ ಮಾರಾಟದ ಹಣವೆಲ್ಲ ಲಾಭವೇ ಆಗುತ್ತದೆ, ಮತ್ತು ಅಷ್ಟು ಹಳೆಯ ಚೀಟಿಯನ್ನು ಯಾರೂ ಇಟ್ಟುಕೊಂಡಿರುವುದಿಲ್ಲ. ಇದಕ್ಕಾಗಿ ಕಾನೂನು ಒಂದು ಆಯ್ಕೆ ಕೊಟ್ಟಿದೆ. ಆಸ್ತಿಯು ನಿಮಗಾಗಲಿ ನಿಮ್ಮ ಹಿಂದಿನ ಒಡೆಯರಿಗಾಗಲಿ 2001ರ ಏಪ್ರಿಲ್ 1ಕ್ಕಿಂತ ಮುಂಚೆ ಬಂದಿದ್ದರೆ, ಹಳೆಯ ಖರೀದಿ ಬೆಲೆಯ ಬದಲು ಆ ದಿನದ ನ್ಯಾಯವಾದ ಮಾರುಕಟ್ಟೆ ಮೌಲ್ಯವನ್ನು ಹಿಡಿಯಬಹುದು. ಮೊದಲು ಈ ಗಡಿ 1981 ಆಗಿತ್ತು, 2017ರ ಹಣಕಾಸು ಕಾಯ್ದೆ ಅದನ್ನು 2001ಕ್ಕೆ ತಂದಿತು. ನಿಮ್ಮ ಬೋರಮಾಳ, ಪಾಟಲಿ, ಬಿಲ್ವಾರ, ಟೀಕಿಗಳಿಗೆ ಈ ದಿನವೇ ಆಧಾರ. ತಾಯಿ 2023ರಲ್ಲಿ ತೀರಿಕೊಂಡರೋ 2013ರಲ್ಲೋ ಎಂಬುದರಿಂದ ನಿಮ್ಮ ಇಲ್ಲಿಯ ತೆರಿಗೆಯಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಆಗುವುದಿಲ್ಲ.

2011ರ ಬಳೆಗಳು ಈ ಗಡಿಯ ಈಚೆಗೆ ಬಂದವು. ಅವುಗಳಿಗೆ ಬಿಲ್ಲಿನ ಮೊತ್ತವೇ ಖರೀದಿ ಬೆಲೆ. ಬಂಗಾರದ ಬೆಲೆಯಷ್ಟನ್ನೇ ಹಿಡಿದು ಮಜೂರಿ ಮತ್ತು ಮಾರಾಟ ತೆರಿಗೆಯನ್ನು ಬಿಟ್ಟುಬಿಡುವವರು ಬಹಳ, ಆದರೆ ಆ ಎರಡೂ ಖರೀದಿ ಬೆಲೆಗೆ ಸೇರುತ್ತವೆ. ಒಂದು ವೇಳೆ ಈ ಬಿಲ್ ಕಳೆದುಹೋಗಿದ್ದರೂ ಖರೀದಿ ಬೆಲೆ ಸೊನ್ನೆ ಆಗುತ್ತಿರಲಿಲ್ಲ. ಹಿಂದಿನ ಒಡೆಯರ ಖರೀದಿ ಬೆಲೆ ಎಷ್ಟೆಂದು ಗೊತ್ತಾಗದಿದ್ದರೆ, ಆಸ್ತಿ ಅವರ ಕೈಗೆ ಬಂದ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬೇಕು ಎಂದು ಕಾನೂನೇ ಹೇಳುತ್ತದೆ. ಇಲ್ಲಿಯೂ ಅದು ತಾಯಿಯ ಕೈಗೆ ಬಂದ ದಿನ, ನಿಮ್ಮ ಕೈಗೆ ಬಂದ ದಿನವಲ್ಲ.

ಈಗ ಲೆಕ್ಕ ಹಾಕೋಣ. ನೀವು ತೂಕ ಬರೆದಿಲ್ಲವಾದ್ದರಿಂದ ನಾನೇ ಕೆಲವು ಅಂಕಿಗಳನ್ನು ಊಹಿಸಿಕೊಳ್ಳುತ್ತೇನೆ. ಹಳೆಯ ಆಭರಣಗಳ ಒಟ್ಟು ತೂಕ 252 ಗ್ರಾಂ ಇದೆ ಎನ್ನೋಣ. ಬೋರಮಾಳದ ಮಣಿಗಳೊಳಗೆ ಅರಗು ತುಂಬಿರುತ್ತದೆ, ಜೊತೆಗೆ ಪೋಣಿಸಿದ ದಾರ, ಹರಳು ಇರುತ್ತವೆ. ಇವೆಲ್ಲ ಸೇರಿ 12 ಗ್ರಾಂ ಕಳೆದರೆ 240 ಗ್ರಾಂ ಬಂಗಾರ ಉಳಿಯುತ್ತದೆ. ನಿಮ್ಮ ಪಾಲು 120 ಗ್ರಾಂ. ಅದು 22 ಕ್ಯಾರೆಟ್ ಎಂದು ಪರೀಕ್ಷೆಯಲ್ಲಿ ತಿಳಿದುಬಂದರೆ ಅದರಲ್ಲಿರುವ ಶುದ್ಧ ಬಂಗಾರ 110 ಗ್ರಾಂ.

2001ರ ಏಪ್ರಿಲ್ ಹೊತ್ತಿಗೆ ಹತ್ತು ಗ್ರಾಂ ಶುದ್ಧ ಬಂಗಾರದ ದರ 4,200 ರೂಪಾಯಿಯ ಆಸುಪಾಸಿನಲ್ಲಿತ್ತು. ಆ ಲೆಕ್ಕದಲ್ಲಿ ನಿಮ್ಮ 110 ಗ್ರಾಂನ ಖರೀದಿ ಬೆಲೆ 46,200 ರೂಪಾಯಿ. ಮಾರುವ ದಿನ ಹತ್ತು ಗ್ರಾಂಗೆ 1,20,000 ರೂಪಾಯಿ ದರ ಇದ್ದು, ಕರಗಿಸುವಾಗಿನ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನಿಮಗೆ 13,20,000 ಸಿಗುತ್ತದೆ. ಲಾಭ 12,73,800. ಮಾರಾಟವು 2024ರ ಜುಲೈ 23ರ ನಂತರದ್ದಾದ್ದರಿಂದ ದೀರ್ಘಾವಧಿ ಲಾಭಕ್ಕೆ ಶೇ 12.5ರ ದರ ಅನ್ವಯವಾಗುತ್ತದೆ ಮತ್ತು ಹಣದುಬ್ಬರದ ಹೊಂದಾಣಿಕೆ, ಅಂದರೆ ಇಂಡೆಕ್ಸೇಶನ್, ಸಿಗುವುದಿಲ್ಲ. ಮನೆ ಮತ್ತು ಜಮೀನಿಗೆ ಉಳಿಸಿದ ಹಳೆಯ ಶೇ 20ರ ಆಯ್ಕೆ ಬಂಗಾರಕ್ಕಿಲ್ಲ. ತೆರಿಗೆ 1,59,225, ಅದರ ಮೇಲೆ ಶೇ 4 ಸೆಸ್ ಸೇರಿ 1,65,594 ರೂಪಾಯಿ.

ತಮ್ಮನವರು ಹೇಳಿದಂತೆ ತಾಯಿ ತೀರಿಕೊಂಡ ದಿನದ ದರ ಹಿಡಿದಿದ್ದರೆ ಏನಾಗುತ್ತಿತ್ತು? 2023ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂಗೆ ಸುಮಾರು 60,000 ರೂಪಾಯಿ ಇತ್ತು. ಖರೀದಿ ಬೆಲೆ 6,60,000 ಆಗಿ, ಲಾಭವೂ 6,60,000ಕ್ಕೆ ಇಳಿದು, ತೆರಿಗೆ ಸೆಸ್ ಸೇರಿ 85,800 ಆಗುತ್ತಿತ್ತು. ಈ ಎರಡು ಮೊತ್ತಗಳ ನಡುವಿನ ಅಂತರ 79,794 ರೂಪಾಯಿ. ರಿಟರ್ನ್ ತುಂಬುವಾಗ ಈ ತಪ್ಪನ್ನು ಯಾವ ಯಂತ್ರವೂ ಹಿಡಿಯುವುದಿಲ್ಲ, ಏಕೆಂದರೆ ಖರೀದಿ ಬೆಲೆಯ ಅಂಕಿಯನ್ನು ನೀವೇ ಬರೆಯುತ್ತೀರಿ. ಬ್ಯಾಂಕಿಗೆ ಬಂದ ದೊಡ್ಡ ಮೊತ್ತದ ಮೂಲವನ್ನು ಇಲಾಖೆ ಕೇಳಿ, ನೀವು ತಾಯಿಯ ಮರಣ ಪ್ರಮಾಣಪತ್ರದ ಜೊತೆ ಆ ದಿನದ ದರದ ಕಾಗದ ಕೊಟ್ಟಾಗ ಅದು ಹೊರಗೆ ಬೀಳುತ್ತದೆ. ಆಗ ಬಾಕಿ ತೆರಿಗೆ, ಬಡ್ಡಿ, ಮತ್ತು ಆದಾಯ ಕಡಿಮೆ ತೋರಿಸಿದ್ದಕ್ಕೆ ಬಾಕಿ ತೆರಿಗೆಯ ಶೇ 50ರಷ್ಟು ದಂಡದ ಪ್ರಶ್ನೆ ಏಳುತ್ತದೆ. ಅಂತರ್ಜಾಲದಲ್ಲಿ ಓದಿದ ವಿದೇಶಿ ಲೇಖನವನ್ನು ಮುಂದಿಟ್ಟು ವಾದಿಸಲು ಬರುವುದಿಲ್ಲ.

ಬಳೆಗಳ ಲೆಕ್ಕ ಸಣ್ಣದು. ಜೋಡಿಯ ಬಿಲ್ ಮಜೂರಿ ಮತ್ತು ತೆರಿಗೆ ಸೇರಿ 1,13,000 ಎಂದಿಟ್ಟುಕೊಂಡರೆ ನಿಮ್ಮ ಒಂದು ಬಳೆಯ ಖರೀದಿ ಬೆಲೆ 56,500. ಅದು 20 ಗ್ರಾಂ ತೂಗಿ 2,20,000ಕ್ಕೆ ಮಾರಾಟವಾದರೆ ಲಾಭ 1,63,500. ಎರಡೂ ಸೇರಿ ನಿಮ್ಮ ಒಟ್ಟು ಲಾಭ 14,37,300 ರೂಪಾಯಿ.

ನಿಮ್ಮ ಆದಾಯ ಕಡಿಮೆ ಇರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ಮೂಲ ವಿನಾಯಿತಿ 4 ಲಕ್ಷ ರೂಪಾಯಿ. ನಿಮ್ಮ 2.4 ಲಕ್ಷ ಕಳೆದು ಉಳಿಯುವ 1.6 ಲಕ್ಷವನ್ನು ಬಂಗಾರದ ಲಾಭದಿಂದ ಇಳಿಸಿಕೊಳ್ಳಲು ಭಾರತದಲ್ಲಿ ನೆಲೆಸಿರುವವರಿಗೆ ಅವಕಾಶವಿದೆ. ಆಗ ತೆರಿಗೆ ಬೀಳುವುದು 12,77,300ರ ಮೇಲೆ, ಕಟ್ಟಬೇಕಾದದ್ದು ಸೆಸ್ ಸೇರಿ 1,66,049 ರೂಪಾಯಿ. ಆದರೆ "ಹನ್ನೆರಡು ಲಕ್ಷದ ತನಕ ತೆರಿಗೆ ಇಲ್ಲ" ಎಂಬ ಮಾತನ್ನು ಇಲ್ಲಿ ನಂಬಬೇಡಿ. ಆ ರಿಯಾಯಿತಿ ಸಾಮಾನ್ಯ ದರದ ಆದಾಯಕ್ಕೆ ಮಾತ್ರ, ವಿಶೇಷ ದರದ ಬಂಡವಾಳ ಲಾಭಕ್ಕೆ ಅದು ತಾಗುವುದಿಲ್ಲ. ಅರ್ಧ ಬಂಗಾರವನ್ನು ಮಾರ್ಚ್‌ನಲ್ಲಿ, ಉಳಿದರ್ಧವನ್ನು ಏಪ್ರಿಲ್‌ನಲ್ಲಿ ಮಾರಿದರೆ ಎರಡು ವರ್ಷಗಳ ಉಳಿಕೆ ವಿನಾಯಿತಿ ಸಿಕ್ಕು ಇನ್ನೂ 20,800 ರೂಪಾಯಿ ಉಳಿಯಬಹುದು. ಇಪ್ಪತ್ತು ಸಾವಿರ ಉಳಿಸಲು ಹೋಗಿ, ಕಾಯುವ ವಾರಗಳಲ್ಲಿ ದರ ಇಳಿದು ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವ ಸಾಧ್ಯತೆಯನ್ನು ನೀವೇ ತೂಗಿ ನೋಡಬೇಕು. ಫೆಬ್ರುವರಿ, ಮಾರ್ಚ್‌ನಲ್ಲಿ ಮಾರುವವರಿಗೆ ಇದು ಯೋಗ್ಯ. ಜೂನ್‌ನಲ್ಲಿ ಹಣ ಬೇಕಾದವರಿಗೆ ಅಲ್ಲ.

ತೆರಿಗೆಯನ್ನು ಪೂರ್ತಿ ತಪ್ಪಿಸುವ ಕಾನೂನುಬದ್ಧ ದಾರಿ ಒಂದಿದೆ. ಮಾರಿ ಬಂದ ಪೂರ್ತಿ ಹಣವನ್ನು ಎರಡು ವರ್ಷದೊಳಗೆ ವಾಸದ ಮನೆ ಕೊಳ್ಳಲು, ಅಥವಾ ಮೂರು ವರ್ಷದೊಳಗೆ ಮನೆ ಕಟ್ಟಲು ತೊಡಗಿಸಿದರೆ ಲಾಭಕ್ಕೆ ವಿನಾಯಿತಿ ಸಿಗುತ್ತದೆ. ಮಾರುವ ದಿನ ನಿಮ್ಮ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ತೊಡಗಿಸಬೇಕಾದದ್ದು ಲಾಭವನ್ನಲ್ಲ, ಮಾರಾಟದ ಪೂರ್ತಿ ಮೊತ್ತವನ್ನು ಎಂಬುದನ್ನು ಮರೆಯಬೇಡಿ. ಸ್ವಲ್ಪವೇ ತೊಡಗಿಸಿದರೆ ವಿನಾಯಿತಿಯೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಜಮೀನು ಮಾರಿದವರು ಕೊಳ್ಳುವ ತೆರಿಗೆ ವಿನಾಯಿತಿಯ ಬಾಂಡುಗಳು ಬಂಗಾರ ಮಾರಿದವರಿಗೆ ಉಪಯೋಗವಿಲ್ಲ.

ಹಳೆಯದನ್ನು ಕೊಟ್ಟು ಹೊಸ ಆಭರಣ ತೆಗೆದುಕೊಂಡರೆ ಮಾರಾಟವೇ ಆಗಲಿಲ್ಲ ಎಂದು ಎಣಿಸುವವರೂ ಇದ್ದಾರೆ. ವಿನಿಮಯವೂ ವರ್ಗಾವಣೆಯೇ. ನಗದು ಕೈಗೆ ಬರದಿದ್ದರೂ, ಅಂಗಡಿಯವರು ಹಳೆಯ ಬಂಗಾರಕ್ಕೆ ಹಿಡಿದ ಬೆಲೆಯೇ ಮಾರಾಟದ ಬೆಲೆ ಎಂದು ಪರಿಗಣಿತವಾಗುತ್ತದೆ.

ಇನ್ನು ತಮ್ಮನವರ ವಿಷಯ. ತಾಯಿ ತೀರಿಕೊಂಡ ದಿನದ ದರಕ್ಕೆ ಬೆಲೆ ಇರುವುದು ಅವರ ಅಮೆರಿಕದ ರಿಟರ್ನಿನಲ್ಲಿ, ಮತ್ತು ಅಲ್ಲಿ ಅದು ಬಹಳ ಮುಖ್ಯ. ಅವರ ಪಾಲಿನ ಹಳೆಯ ಬಂಗಾರದ ಖರೀದಿ ಬೆಲೆ ಅಲ್ಲಿ 6,60,000 ರೂಪಾಯಿ. ಆಗಿನ ವಿನಿಮಯ ದರ 82 ರೂಪಾಯಿ ಎಂದರೆ ಸುಮಾರು 8,050 ಡಾಲರ್. ಅವರು ಅದನ್ನು ಧಾರವಾಡದಲ್ಲಿಯೇ ಮಾರಿದರೆ ಒಂದೇ ಮಾರಾಟಕ್ಕೆ ಎರಡು ಬೇರೆ ಬೇರೆ ಲಾಭಗಳು ಹುಟ್ಟುತ್ತವೆ. ಭಾರತದ ಲೆಕ್ಕದಲ್ಲಿ 12,73,800 ರೂಪಾಯಿ, ಏಕೆಂದರೆ ಆಸ್ತಿ ಇಲ್ಲಿದೆ. ಅಮೆರಿಕದ ಲೆಕ್ಕದಲ್ಲಿ, ಡಾಲರಿಗೆ 88 ರೂಪಾಯಿ ಹಿಡಿದರೆ, ಸುಮಾರು 7,000 ಡಾಲರ್. ಅಲ್ಲಿ ಬಂಗಾರವನ್ನು ಸಂಗ್ರಹಯೋಗ್ಯ ವಸ್ತುಗಳ ಗುಂಪಿಗೆ ಸೇರಿಸಿರುವುದರಿಂದ ದೀರ್ಘಾವಧಿ ಲಾಭದ ಗರಿಷ್ಠ ದರ ಶೇ 28. ಇಲ್ಲಿ ಕಟ್ಟಿದ ತೆರಿಗೆ ಅಲ್ಲಿ ಪೂರ್ತಿ ವಜಾ ಆಗುತ್ತದೆ ಎಂದು ಊಹಿಸಿ ಹೊರಡಬಾರದು. ಇಂಥ ಲಾಭ ಯಾವ ದೇಶದಲ್ಲಿ ಹುಟ್ಟಿತು ಎಂಬುದನ್ನು ಎರಡೂ ಕಾನೂನುಗಳು ಬೇರೆ ರೀತಿಯಲ್ಲಿ ನೋಡುವುದರಿಂದ ವಜಾ ಸಿಗುವುದು ಕಷ್ಟವಾಗುತ್ತದೆ. ಅನಿವಾಸಿಯಾದ ಅವರಿಗೆ ನಿಮ್ಮಂತೆ ಉಳಿಕೆ ವಿನಾಯಿತಿಯನ್ನು ಲಾಭದಿಂದ ಇಳಿಸಿಕೊಳ್ಳುವ ಅವಕಾಶವೂ ಇಲ್ಲ, ಮತ್ತು ಅವರಿಂದ ಕೊಳ್ಳುವ ಸರಾಫರು ತೆರಿಗೆ ಮುರಿದುಕೊಂಡು ಹಣ ಕೊಡಬೇಕು. ಈ ರಗಳೆ ಬೇಡವೆಂದು ಬಹಳ ಅಂಗಡಿಯವರು ಅನಿವಾಸಿಗಳ ಬಂಗಾರವನ್ನು ಮುಟ್ಟುವುದಿಲ್ಲ.

ಅವರು ತಮ್ಮ ಪಾಲನ್ನು ಅಲ್ಲಿಗೆ ಒಯ್ದು, ಸುಂಕದವರಿಗೆ ಘೋಷಿಸಿ, ಮುಂದೆಂದೋ ಅಲ್ಲಿ ಮಾರಿದರೆ ಭಾರತದ ತೆರಿಗೆ ಬರುವುದಿಲ್ಲ, 2023ರ ಬೆಲೆಗಿಂತ ಮೇಲಿನ ಲಾಭಕ್ಕೆ ಅಲ್ಲಿಯ ತೆರಿಗೆ ಮಾತ್ರ ಬರುತ್ತದೆ. ಅಕ್ಕನಿಗೇ ಇರಲಿ ಎಂದು ನಿಮಗೆ ದಾನ ಕೊಟ್ಟರೆ, ಅಕ್ಕ ತಮ್ಮಂದಿರ ನಡುವಿನ ದಾನಕ್ಕೆ ಇಲ್ಲಿ ತೆರಿಗೆಯಿಲ್ಲ, ಮತ್ತು ಆ ಪಾಲಿನ ಹಳೆಯ ಆಭರಣಗಳಿಗೂ ನಿಮ್ಮ ಖರೀದಿ ಬೆಲೆ 2001ರದ್ದೇ. ಆದರೆ ದಾನ ಎಂದರೆ ದಾನವೇ ಆಗಿರಬೇಕು. ನೀವು ಮಾರಿ ಹಣವನ್ನು ಅವರ ಖಾತೆಗೆ ತಿರುಗಿಸಿದರೆ ಅದು ಅವರದೇ ಮಾರಾಟ ಎಂದು ಇಲಾಖೆ ಹೇಳುತ್ತದೆ, ಹೇಳುವುದು ಸರಿಯೂ ಹೌದು.

ಈಗ ಮಾಡಬೇಕಾದ ಕೆಲಸ. ಬಂಗಾರವನ್ನು ಕರಗಿಸುವ ಮೊದಲು ಆಭರಣಗಳ ನೋಂದಾಯಿತ ಮೌಲ್ಯಮಾಪಕರಿಂದ ಪ್ರಮಾಣಪತ್ರ ತೆಗೆದುಕೊಳ್ಳಿ. ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಂಚಗಾರ ಗಲ್ಲಿಯಲ್ಲಿ ಬಂಗಾರ ಮಾರಿ, ಅದು ಗಟ್ಟಿಯಾದ ಮೇಲೆ ರಿಟರ್ನ್ ತುಂಬುವ ತಿಂಗಳಲ್ಲಿ ಬರುವವರ ಕೈಯಲ್ಲಿ ಅಂಗಡಿಯ ಒಂದು ಚೀಟಿಯ ಹೊರತು ಏನೂ ಇರುವುದಿಲ್ಲ. ಇಲ್ಲದ ಆಭರಣಕ್ಕೆ ಯಾವ ಮೌಲ್ಯಮಾಪಕನೂ ಪ್ರಾಮಾಣಿಕವಾಗಿ ಸಹಿ ಹಾಕಲಾರ. ಪ್ರಮಾಣಪತ್ರದಲ್ಲಿ ಪ್ರತಿಯೊಂದು ಆಭರಣದ ಫೋಟೋ, ಒಟ್ಟು ತೂಕ, ಅರಗು ಮತ್ತು ಹರಳು ಕಳೆದ ನಿವ್ವಳ ತೂಕ, ಯಂತ್ರದಲ್ಲಿ ಪರೀಕ್ಷಿಸಿದ ಕ್ಯಾರೆಟ್, 2001ರ ಏಪ್ರಿಲ್ 1ರ ಮೌಲ್ಯ ಇರಬೇಕು. ಆ ದಿನ ಭಾನುವಾರವಾಗಿತ್ತು, ಆದ್ದರಿಂದ ಹತ್ತಿರದ ಯಾವ ವಹಿವಾಟಿನ ದಿನದ ದರ ಹಿಡಿದರು ಎಂಬುದನ್ನೂ ಬರೆಸಿ. ಹಳೆಯ ಪತ್ತಾರರ ಕೆಲಸದಲ್ಲಿ ಬೆಸುಗೆ ಹೆಚ್ಚಿದ್ದು, 22 ಎಂದು ನಂಬಿದ್ದು 20 ಕ್ಯಾರೆಟ್ ಆಗಿ ಹೊರಬರುವುದುಂಟು. ಆಗ ಖರೀದಿ ಬೆಲೆಯೂ ಮಾರಾಟ ಬೆಲೆಯೂ ಒಟ್ಟಿಗೆ ಇಳಿಯುತ್ತವೆ. ಮನೆಯ ಹಳೆಯ ಪಟ್ಟಿಯಲ್ಲಿ ತೊಲೆಯಲ್ಲಿ ತೂಕ ಬರೆದಿದ್ದರೆ ಅದನ್ನು ಹಾಗೆಯೇ ನಂಬಬೇಡಿ: ಹಳೆಯ ತೊಲೆ 11.66 ಗ್ರಾಂ, ಇಂದಿನ ಅಂಗಡಿಯವರು ತೊಲೆ ಎಂದರೆ ಹತ್ತು ಗ್ರಾಂ.

ಆಭರಣಗಳು 2001ಕ್ಕಿಂತ ಮೊದಲೇ ತಾಯಿಯವರ ಬಳಿ ಇದ್ದವು ಎಂಬುದಕ್ಕೆ ಬಿಲ್ಲೇ ಬೇಕೆಂದಿಲ್ಲ. ಅವರ ಮದುವೆಯ, ನಿಮ್ಮ ಮದುವೆಯ, ಸೀಮಂತದ ಫೋಟೋಗಳಲ್ಲಿ ಅದೇ ಬೋರಮಾಳ ಕಾಣುತ್ತಿದ್ದರೆ ಅದು ಗಟ್ಟಿ ಸಾಕ್ಷಿ. ಫೋಟೋವನ್ನೂ ಮೌಲ್ಯಮಾಪಕರು ತೆಗೆದ ಚಿತ್ರವನ್ನೂ ಜೊತೆಯಾಗಿ ಇಟ್ಟುಕೊಳ್ಳಿ. ತಾಯಿಯ ಮರಣ ಪ್ರಮಾಣಪತ್ರ, ವಂಶಾವಳಿ, ಮತ್ತು ಯಾರಿಗೆ ಯಾವ ಆಭರಣ ಬಂದಿತೆಂದು ಇಬ್ಬರೂ ಸಹಿ ಮಾಡಿದ ವಾಟಣಿ ಪತ್ರ ಇದರ ಜೊತೆಗಿರಲಿ. ಮೃತ್ಯುಪತ್ರವಿಲ್ಲದೆ ತೀರಿಕೊಂಡ ಹಿಂದೂ ಮಹಿಳೆಯ ಆಸ್ತಿಗೆ, ಗಂಡ ಇಲ್ಲದಿದ್ದಾಗ, ಮಗನೂ ಮಗಳೂ ಸಮಾನ ವಾರಸುದಾರರು. ತಾಯಿಯ ಬಂಗಾರವೆಲ್ಲ ಮಗಳಿಗೇ ಎಂಬುದು ರೂಢಿಯ ಮಾತು, ಕಾನೂನಲ್ಲ. ಅದೇ ಮೌಲ್ಯಮಾಪಕರಿಂದ ತಮ್ಮನವರ ಪಾಲಿಗೆ ತಾಯಿ ತೀರಿಕೊಂಡ ದಿನದ ಮೌಲ್ಯದ ಇನ್ನೊಂದು ಪ್ರಮಾಣಪತ್ರವನ್ನು ಬರೆಸಿ ಕಳುಹಿಸಿ, ಅವರಿಗೆ ಬೇಕಾದದ್ದು ಆ ಕಾಗದ.

ಮಾರುವಾಗ ಹಣವನ್ನು ಬ್ಯಾಂಕ್ ಖಾತೆಗೆ ಮಾತ್ರ ತೆಗೆದುಕೊಳ್ಳಿ. ಒಂದೇ ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ, ಪಡೆದಷ್ಟೇ ಮೊತ್ತದ ದಂಡ ಬೀಳುವುದು ಪಡೆದವರಿಗೆ, ಅಂದರೆ ನಿಮಗೆ. ಒಂದೇ ಮಾರಾಟದ ಹಣವನ್ನು ನಾಲ್ಕು ದಿನಕ್ಕೆ ಹಂಚಿ ಪಡೆದರೂ ಇದು ತಪ್ಪುವುದಿಲ್ಲ. ಅಂಗಡಿಯ ಖರೀದಿ ಚೀಟಿಯಲ್ಲಿ "ಹಳೆ ಬಂಗಾರ" ಎಂದಷ್ಟೇ ಬರೆಯದೆ, ಪ್ರಮಾಣಪತ್ರದಲ್ಲಿರುವ ಹೆಸರು ಮತ್ತು ನಿವ್ವಳ ತೂಕವನ್ನೇ ಬರೆಯಲು ಹೇಳಿ.